ಡೆಡ್‌ಲೈನ್ ಕುಗ್ಗಿತು, ಯಾವ ಶಾಟ್ ಬಿಡೋಣ? ಸಣ್ಣ ಅನಿಮೇಷನ್ ತಂಡಗಳು ಪದೇ ಪದೇ ಕೇಳುವ ಪ್ರಶ್ನೆಗಳು

ನಾವು ನಾಲ್ಕು ಜನ ಸೇರಿ ಬೆಂಗಳೂರಿನಲ್ಲಿ 3ಡಿ ಕಿರುಚಿತ್ರ ಮಾಡುತ್ತೇವೆ. ಅನಿಮೇಷನ್‌ಗೆ ಇಬ್ಬರು, ಮಾಡೆಲಿಂಗ್ ಮತ್ತು ಲೈಟಿಂಗ್‌ಗೆ ಒಬ್ಬರು. ಎಡಿಟಿಂಗ್, ರೆಂಡರ್ ಆದ ಪದರಗಳನ್ನು ಒಂದಾಗಿ ಸೇರಿಸುವ ಕಾಂಪ್, ಲೆಕ್ಕಪತ್ರ ನನ್ನದು. ಕೆಳಗಿನ ಉತ್ತರಗಳಲ್ಲಿ ಉದಾಹರಣೆಯಾಗಿ ಬರುವುದು ಒಂದೇ ಕೆಲಸ. ಸಂತೆಯಲ್ಲಿ ಅಜ್ಜಿಯ ಕೈ ತಪ್ಪಿಸಿಕೊಂಡ ಹುಡುಗನ ಕತೆ, 2 ನಿಮಿಷ 40 ಸೆಕೆಂಡು, 42 ಶಾಟ್. ಮಾಡಿಸಿದವರಿಗೆ ಬೇಕಿದ್ದ ಮಾತು ಒಂದೇ: ದಾರಿ ತಪ್ಪಿದರೆ ಓಡಬೇಡ, ನಿಂತಲ್ಲೇ ನಿಲ್ಲು. ಏಳು ವಾರ ಇದೆ ಅಂದುಕೊಂಡಿದ್ದೆವು. ಒಂದು ಸೋಮವಾರ ಫೋನ್ ಬಂತು, ಕಾರ್ಯಕ್ರಮ ಅಂದುಕೊಂಡದ್ದಕ್ಕಿಂತ ಮೊದಲೇ ಬಂದಿದೆ, ನಾಲ್ಕೇ ವಾರ ಅಂದರು.

ಸುದ್ದಿ ಬಂದ ದಿನ ಮೊದಲು ಏನು ಮಾಡಬೇಕು?

ಸಾಫ್ಟ್‌ವೇರ್ ತೆರೆಯಬೇಡಿ. ಆ ದಿನ ಗಾಬರಿಯಲ್ಲಿ ಮಾಡಿದ ಕೆಲಸ ಸಾಮಾನ್ಯವಾಗಿ ಮುಂದೆ ಕತ್ತರಿಸಿ ಹಾಕುವ ಶಾಟ್‌ನದ್ದೇ ಆಗಿರುತ್ತದೆ. ನಮ್ಮಲ್ಲಿ ಒಬ್ಬ ಅವತ್ತು ರಾತ್ರಿ ಎರಡು ಗಂಟೆಯವರೆಗೆ ಕೂತು ಶಾಟ್ 11 ಮುಗಿಸಿದ. ಮರುದಿನ ಅದನ್ನೇ ತೆಗೆದೆವು. ಅವನು ಒಂದು ವಾರ ಸರಿಯಾಗಿ ಮಾತಾಡಲಿಲ್ಲ.

ಮೊದಲು ಕೊನೆಯಿಂದ ಹಿಂದಕ್ಕೆ ದಿನ ಎಣಿಸಿ. ನಾಲ್ಕು ವಾರ ಅಂದರೆ ಭಾನುವಾರ ಬಿಟ್ಟು 24 ದಿನ. ರೆಂಡರ್, ಕಾಂಪ್, ಸೌಂಡ್ ಮಿಕ್ಸ್‌ಗೆ ಕೊನೆಯ 7 ದಿನ ಬೇಕೇ ಬೇಕು. ನೋಡಿದ ಮೇಲೆ ಅವರು ಹೇಳುವ ತಿದ್ದುಪಡಿಗೆ 3 ದಿನ. ಅನಿಮೇಷನ್‌ಗೆ ಉಳಿದದ್ದು 14 ದಿನ. ಇಬ್ಬರು ಅನಿಮೇಟರ್‌ಗಳು, ಹಾಗಾಗಿ 28 ಆಳು-ದಿನ. ಹೊಲದ ಕೆಲಸಕ್ಕೆ ಆಳು ಲೆಕ್ಕ ಹಾಕುತ್ತೇವಲ್ಲ, ಹಾಗೇ.

ಆಮೇಲೆ ಕೆಲಸದ ಲೆಕ್ಕ. ನಮಗೆ 31 ಶಾಟ್ ಬಾಕಿ ಇದ್ದವು, 120 ಸೆಕೆಂಡು. ಅಲ್ಲಿಯವರೆಗೆ ಮುಗಿಸಿದ ಶಾಟ್‌ಗಳನ್ನು ನೋಡಿದರೆ ಒಬ್ಬರು ದಿನಕ್ಕೆ ಸರಾಸರಿ 3 ಸೆಕೆಂಡು ಮಾಡುತ್ತಿದ್ದರು. ಅಂದರೆ 40 ಆಳು-ದಿನದ ಕೆಲಸ, ಕೈಯಲ್ಲಿ 28. ಹನ್ನೆರಡು ಕಡಿಮೆ. ಇಲ್ಲಿ ನೀವು ಬಳಸಬೇಕಾದದ್ದು ಈಗಾಗಲೇ ಆಗಿರುವ ವೇಗ. "ಇನ್ಮೇಲೆ ಜೋರಾಗಿ ಮಾಡ್ತೀವಿ" ಅನ್ನುವ ವೇಗ ಅಲ್ಲ.

ರಾತ್ರಿ ಕೂತು ಮುಗಿಸಿದರೆ ಆಗಲ್ವಾ? ಏನನ್ನೂ ಕತ್ತರಿಸೋದೇ ಬೇಡ.

ಎರಡು ಮೂರು ದಿನದ ಕೊರತೆ ಆದರೆ ಆಗುತ್ತದೆ. ಹನ್ನೆರಡು ದಿನದ್ದಾದರೆ ಆಗಲ್ಲ. ಹಾಗೆ ಹೊರಟ ತಂಡ ಮೊದಲ ಶಾಟ್‌ಗಳನ್ನು ಚೆನ್ನಾಗಿ ಮಾಡಿ ಕೊನೆಯವನ್ನು ತೇಲಿಸುತ್ತದೆ. ಆದರೆ ಕತೆಯ ಜೀವ ಇರುವುದು ಕೊನೆಯಲ್ಲಿ. ಕತ್ತರಿ ಹೇಗೂ ಬೀಳುತ್ತದೆ, ಎಲ್ಲಿ ಬೀಳಬೇಕು ಅಂತ ನಾವು ಹೇಳದಿದ್ದರೆ ಕ್ಯಾಲೆಂಡರ್ ಹೇಳುತ್ತದೆ.

ಸರಳ ಮಾಡೋದು, ಮರುಬಳಕೆ, ಬಿಡೋದು. ಈ ಮೂರರಲ್ಲಿ ಮೊದಲು ಯಾವುದು?

ಮೊದಲು ಬಿಡುವುದು. ಹೆಚ್ಚಿನವರು ತಿರುಗುಮುರುಗಾಗಿ ಮಾಡುತ್ತಾರೆ. ಬಿಡಲು ಮನಸ್ಸಾಗದೆ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಸರಳ ಮಾಡುತ್ತಾರೆ.

ಶಾಟ್ ಎಷ್ಟೇ ಸರಳವಾದರೂ ಅದಕ್ಕೊಂದು ಫೈಲ್ ಬೇಕು, ಲೈಟ್ ಹಾಕಬೇಕು, ರೆಂಡರ್‌ಗೆ ಬಿಡಬೇಕು, ಕಾಂಪ್‌ನಲ್ಲಿ ಸೇರಿಸಬೇಕು, ಯಾರಾದರೂ ನೋಡಿ ತಪ್ಪು ಹುಡುಕಬೇಕು. ಮೂರು ದಿನದ ಅನಿಮೇಷನ್ ಒಂದು ದಿನಕ್ಕೆ ಇಳಿದರೂ ಈ ಉಳಿದ ಖರ್ಚು ಹಾಗೇ ನಿಂತಿರುತ್ತದೆ. ಬಿಟ್ಟ ಶಾಟ್‌ಗೆ ಇದ್ಯಾವುದೂ ಇಲ್ಲ. ಹಾಗಾಗಿ ಬಿಡಬಹುದಾದ್ದನ್ನು ಮೊದಲು ಬಿಡಿ, ಆಮೇಲೆ ಬೇರೆ ಶಾಟ್‌ನಿಂದ ಎತ್ತಬಹುದಾದ್ದನ್ನು ಎತ್ತಿ, ಇನ್ನೂ ಕೊರತೆ ಇದ್ದರೆ ಸರಳ ಮಾಡಿ.

ಆದರೆ ಅಗ್ಗದ ಶಾಟ್ ಬಿಟ್ಟು ಸಮಾಧಾನ ಪಟ್ಟುಕೊಳ್ಳಬೇಡಿ. ಅರ್ಧ ದಿನದ ನಾಲ್ಕು ಶಾಟ್ ಬಿಟ್ಟರೆ ಉಳಿಯುವುದು ಎರಡೇ ದಿನ, ಕತೆಗೆ ನಾಲ್ಕು ಕಡೆ ತೂತು. ಬಾಕಿ ಶಾಟ್‌ಗಳನ್ನು ಸಾಲಾಗಿ ಬರೆದಿಟ್ಟ ಶೀಟ್‌ನಲ್ಲಿ ಆಳು-ದಿನದ ಕಾಲಮ್ಮನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ, ಮೇಲಿನ ಏಳೆಂಟು ಸಾಲು ಮಾತ್ರ ನೋಡಿ. ಕತ್ತರಿಗೆ ಸಿಗುವುದು ಅಲ್ಲೇ.

ಒಂದು ಶಾಟ್ ಬಿಡಬಹುದು ಅಂತ ಗೊತ್ತಾಗೋದು ಹೇಗೆ?

ಅನಿಮ್ಯಾಟಿಕ್‌ನಲ್ಲಿ, ಅಂದರೆ ಸ್ಟೋರಿಬೋರ್ಡ್ ಚಿತ್ರಗಳನ್ನು ಸಮಯಕ್ಕೆ ಜೋಡಿಸಿದ ಕಚ್ಚಾ ವಿಡಿಯೋದಲ್ಲಿ, ಅದನ್ನು ತೆಗೆದು, ಕತೆ ಗೊತ್ತಿಲ್ಲದವರಿಗೆ ತೋರಿಸಿ. "ಚೆನ್ನಾಗಿದೆಯಾ" ಅಂತ ಕೇಳಬೇಡಿ. ಚೆನ್ನಾಗಿದೆ ಅಂತಲೇ ಹೇಳುತ್ತಾರೆ. "ಏನಾಯ್ತು ಹೇಳಿ" ಅಂತ ಕೇಳಿ. ತೆಗೆದ ಶಾಟ್‌ನಲ್ಲಿದ್ದ ಸಂಗತಿ ಅವರ ಮಾತಿನಲ್ಲಿ ತಾನಾಗೇ ಬಂದರೆ ಆ ಶಾಟ್ ಬೇಕಿರಲಿಲ್ಲ.

ನಮ್ಮಲ್ಲಿ ಶಾಟ್ 9, 10, 11 ಮೂರರಲ್ಲೂ ಅಜ್ಜಿ, ಮೊಮ್ಮಗ ಸಂತೆಗೆ ನಡೆದುಹೋಗುತ್ತಾರೆ. ಹೊಲದ ಬದು, ತೋಪು, ಊರ ಬಾಗಿಲು. ನೋಡೋಕೆ ಚಂದ. ನಮ್ಮ ಬಿಲ್ಡಿಂಗ್‌ನ ವಾಚ್‌ಮನ್ ಅವರಿಗೆ 10 ಮತ್ತು 11 ತೆಗೆದು ತೋರಿಸಿದೆ. "ಅಜ್ಜಿ ಹುಡುಗನ್ನ ಸಂತೆಗೆ ಕರ್ಕೊಂಡು ಹೋದ್ರು ಸಾರ್, ಅಲ್ಲಿ ಕೈ ಬಿಟ್ಟೋಯ್ತು" ಅಂದರು. ಸಾಕು. ಎರಡು ಶಾಟ್, ಎರಡೂವರೆ ಆಳು-ದಿನ ಉಳಿಯಿತು.

ಇದೇ ಪರೀಕ್ಷೆ ಶಾಟ್ 33ನ್ನು ಉಳಿಸಿತು. ಅದರಲ್ಲಿ ಹುಡುಗ ಓಡುವುದನ್ನು ನಿಲ್ಲಿಸಿ ಸುಮ್ನೆ ನಿಲ್ಲುತ್ತಾನೆ. ಏನೂ ಆಗುವುದಿಲ್ಲ, ಐದು ಸೆಕೆಂಡು. ನಮ್ಮವರೇ ಒಬ್ಬರು ಇದನ್ನು ತೆಗೆಯೋಣ ಅಂದಿದ್ದರು. ತೆಗೆದು ತೋರಿಸಿದಾಗ "ಅಜ್ಜಿ ಹುಡುಕ್ಕೊಂಡು ಬಂದ್ರು" ಅಂತ ಮಾತ್ರ ಉತ್ತರ ಬಂತು. ಹುಡುಗ ನಿಂತಿದ್ದರಿಂದ ಸಿಕ್ಕಿದ ಅನ್ನುವುದು ಮಾಯ. ಇಡೀ ಚಿತ್ರ ಮಾಡಿಸಿದ್ದೇ ಆ ಮಾತಿಗೆ ಅಲ್ವಾ!

ಅನಿಮೇಟರ್ ದಿನ ಮಾತ್ರ ಎಣಿಸಿದರೆ ಸಾಕಾ?

ಸಾಲದು. ಶೀಟ್‌ನಲ್ಲಿ ಇನ್ನೊಂದು ಕಾಲಮ್ ಇರಲಿ: ಈ ಶಾಟ್‌ಗೆ ಬೇಕಾದ ವಸ್ತು ಇನ್ನೆಷ್ಟು ಶಾಟ್‌ನಲ್ಲಿ ಬರುತ್ತದೆ? ಒಂದೆರಡರಲ್ಲಿ ಮಾತ್ರ ಬರುವ ದುಬಾರಿ ವಸ್ತು ಕಂಡರೆ ಅಲ್ಲಿ ಕೈ ಹಾಕಿ.

ನಮಗೆ ಅದು ಬಸ್ಸು. ಶಾಟ್ 31 ಮತ್ತು 32ರಲ್ಲಿ ಮಾತ್ರ. ಮಾಡೆಲ್, ಟೆಕ್ಸ್ಚರ್, ಒಳಗಿನ ಸೀಟು ಸೇರಿ ಐದು ದಿನದ ಕೆಲಸ. ಬಸ್ಸು ಕತೆಗೆ ಬೇಕೇ? ಹುಡುಗ ಬೆಚ್ಚಿ ಹಿಂದೆ ಸರಿಯಬೇಕು, ಅಷ್ಟೇ. ಎರಡು ಶಾಟ್ ಸೇರಿಸಿ ಒಂದು ಮಾಡಿದೆವು. ಹುಡುಗನ ಮುಖದ ಮೇಲೆ ಹಳದಿ ಬೆಳಕು ಎಡದಿಂದ ಬಲಕ್ಕೆ ಹಾಯುತ್ತದೆ, ಹಾರ್ನ್ ಕೇಳುತ್ತದೆ, ಧೂಳು ಏಳುತ್ತದೆ. ಬಸ್ಸು ಕಾಣುವುದೇ ಇಲ್ಲ. ಅನಿಮೇಷನ್ನಿನಲ್ಲಿ ಉಳಿದದ್ದು ಒಂದೇ ದಿನ. ಮಾಡೆಲಿಂಗ್‌ನಲ್ಲಿ ಉಳಿದ ಐದು ದಿನ ಮಾತ್ರ ಲೈಟಿಂಗ್‌ಗೆ ಹೋಯಿತು, ಅದು ನಮ್ಮ ಪಾಲಿಗೆ ದೇವರೇ ಕೊಟ್ಟಂತೆ.

ಶಾಟ್ 22ರ ಮಜ್ಜಿಗೆ ಗಡಿಗೆಯದೂ ಇದೇ ಕತೆ. ಹುಡುಗ ಎಡವಿ ಗಡಿಗೆ ಒಡೆಯಬೇಕು, ಮಜ್ಜಿಗೆ ಚೆಲ್ಲಬೇಕು. ಲಿಕ್ವಿಡ್ ಸಿಮ್ಯುಲೇಷನ್ ಅಂದರೆ ನಾಲ್ಕು ದಿನ, ಅದೂ ಮೊದಲ ಸಲಕ್ಕೇ ಸರಿ ಬಂದರೆ. ಈಗ "ಢಬ್" ಅನ್ನುವ ಸದ್ದಿನ ಜೊತೆ ಮಜ್ಜಿಗೆಯವಳ ಮುಖ, ಆಮೇಲೆ ಒಂದೂವರೆ ಸೆಕೆಂಡು ನೆಲದ ಮೇಲೆ ಚೂರು ಮತ್ತು ಬಿಳಿ ಮಡು. ಅಲುಗಾಡುವುದು ಒಂದು ನೊಣ ಮಾತ್ರ. ಅರ್ಧ ದಿನದಲ್ಲಿ ಮುಗಿಯಿತು.

ಮರುಬಳಕೆ ಮಾಡಿದರೆ ನೋಡುವವರಿಗೆ ಗೊತ್ತಾಗಲ್ವಾ?

ಗೊತ್ತಾಗದಂತೆ ಮಾಡಬಹುದು. ಇದು ಹಳೆಯ ವಿದ್ಯೆ. 1963ರಲ್ಲಿ ಜಪಾನಿನ ಒಸಾಮು ತೆಜುಕಾ ಅವರ ಮುಶಿ ಪ್ರೊಡಕ್ಷನ್ ಟಿವಿಗೆ ಪ್ರತಿ ವಾರ ಅರ್ಧ ಗಂಟೆಯ ಕಂತು ಕೊಡಲು ಹೊರಟಾಗ, ಬಿಡಿಸಿದ ಚಿತ್ರಗಳನ್ನು ಜೋಪಾನ ಮಾಡಿಟ್ಟು ಮತ್ತೆ ಮತ್ತೆ ಬಳಸಿತು. ಅಲ್ಲಿಯವರು ಅದಕ್ಕೆ ಬ್ಯಾಂಕ್ ಅನ್ನುತ್ತಾರೆ.

ನಾವು ಶಾಟ್ 14ರ ಓಟವನ್ನು 26 ಮತ್ತು 28ಕ್ಕೆ ಎತ್ತಿಕೊಂಡೆವು. ಮೂರು ದಿನದ ಕೆಲಸ ಒಂದು ದಿನಕ್ಕೆ ಇಳಿಯಿತು. 14ರಲ್ಲಿ ಹುಡುಗ ಪೂರ್ತಿ ಕಾಣುತ್ತಾನೆ, ಪಕ್ಕದಿಂದ. 26ರಲ್ಲಿ ಕ್ಯಾಮೆರಾ ಮೊಣಕಾಲಿನ ಎತ್ತರದಲ್ಲಿ, ಕಾಲು ಮಾತ್ರ. 28ರಲ್ಲಿ ಎದೆಯಿಂದ ಮೇಲೆ, ಮುಂದೆ ಬಾಳೆಗೊನೆ ಅಡ್ಡ ಬರುತ್ತದೆ. ಅದೇ ಓಟ ಅಂತ ಯಾರೂ ಹೇಳಲಿಲ್ಲ. ಕಣ್ಣಿಗೆ ಸಿಕ್ಕಿಬೀಳುವುದು ಸಾಮಾನ್ಯವಾಗಿ ಚಲನೆಯಲ್ಲ, ಚೌಕಟ್ಟು. ಅದೇ ಕೋನ, ಅದೇ ಅಳತೆ, ಅದೇ ಹಿನ್ನೆಲೆ ಬಂದರೆ ತಕ್ಷಣ ಗೊತ್ತಾಗುತ್ತದೆ. ಕಿವಿಯೂ ಹಿಡಿಯುತ್ತದೆ. ಹೆಜ್ಜೆ ಸದ್ದನ್ನು ಕಾಪಿ ಮಾಡಬೇಡಿ, ಹೊಸದಾಗಿ ಹಾಕಿ.

ಶಾಟನ್ನು ಕನ್ನಡಿಯಂತೆ ತಿರುಗಿಸಿ ಬಳಸಬಹುದಾ?

ಬಳಸಬಹುದು, ಆದರೆ ನಾವು ಅದರಲ್ಲಿ ಪೆಟ್ಟು ತಿಂದಿದ್ದೇವೆ. ಅಜ್ಜಿ ತಿರುಗಿ ನೋಡುವ ಶಾಟ್ ಒಂದನ್ನು ಎಡಿಟ್‌ನಲ್ಲಿ ಹಾಗೆ ತಿರುಗಿಸಿದೆ. ಎರಡು ದಿನ ಎಲ್ಲರೂ ನೋಡಿದೆವು, ಸರಿಯಾಗಿಯೇ ಕಂಡಿತು. ಆಮೇಲೆ ನಮ್ಮಮ್ಮ ಬಂದವರು, "ಇದೇನೋ, ಸೆರಗು ಬಲಕ್ಕೆ ಹೊದ್ದಿದ್ದಾಳೆ?" ಅಂದರು. ಹಿಂದೆ ಅಂಗಡಿಯ ಕನ್ನಡ ಬೋರ್ಡ್ ಕೂಡ ಉಲ್ಟಾ ಇತ್ತು, ಮಸುಕಾಗಿದ್ದರಿಂದ ನಮಗೆ ಕಂಡಿರಲಿಲ್ಲ.

ಇನ್ನೊಂದು ಅಪಾಯ ದಿಕ್ಕಿನದು. ಹುಡುಗ ಎಡದಿಂದ ಬಲಕ್ಕೆ ಓಡುತ್ತಿದ್ದು, ತಿರುಗಿಸಿದ ಶಾಟ್‌ನಲ್ಲಿ ಬಲದಿಂದ ಎಡಕ್ಕೆ ಓಡಿದರೆ ನೋಡುವವರು ಅವನು ವಾಪಸ್ ಬರುತ್ತಿದ್ದಾನೆ ಅಂದುಕೊಳ್ಳುತ್ತಾರೆ. ಅದೇ ಬೇಕಿದ್ದರೆ ಒಳ್ಳೆಯದೇ.

ಸರಳ ಮಾಡಿದ ಶಾಟ್ ಪವರ್‌ಪಾಯಿಂಟ್ ಥರ ಕಾಣದಂತೆ ಏನು ಮಾಡಬೇಕು?

ಸಂತೆಯ ವೈಡ್ ಶಾಟ್, ನಂಬರ್ 17, ನಮ್ಮ ಶೀಟ್‌ನ ಮೊದಲ ಸಾಲಿನಲ್ಲಿತ್ತು. ಆರು ಆಳು-ದಿನ. ಕ್ಯಾಮೆರಾ ಜನರ ನಡುವೆ ತೂರಿಹೋಗಬೇಕು, ನಲವತ್ತು ಜನ. ಬಿಡುವಂತಿಲ್ಲ, ಹುಡುಗನಿಗೆ ಜನಜಂಗುಳಿಯ ಭಯ ಆಗುವುದು ಇಲ್ಲೇ.

ಮೊದಲು ಕ್ಯಾಮೆರಾ ನಿಲ್ಲಿಸಿದೆವು. ಆಗಲೇ ಅರ್ಧ ಕೆಲಸ ಹೋಯಿತು, ಯಾಕೆಂದರೆ ಕ್ಯಾಮೆರಾ ಚಲಿಸಿದರೆ ಎಲ್ಲರನ್ನೂ ಎಲ್ಲ ಕಡೆಯಿಂದ ಸರಿ ಮಾಡಬೇಕು. ಹುಡುಗನ ಬೆನ್ನು ಮುಂದಕ್ಕೆ ತಂದು, ಹಿಂದಿನ ಜನರನ್ನು ಫೋಕಸ್‌ನಿಂದ ಹೊರಗೆ ಹಾಕಿದೆವು. ಹಿಂದೆ ನಡೆಯುವುದು ಮೂರೇ ವಾಕ್ ಸೈಕಲ್. ಒಂದೊಂದೂ ಬೇರೆ ಬೇರೆ ಫ್ರೇಮ್‌ನಿಂದ ಶುರುವಾಗುತ್ತದೆ, ವೇಗವೂ ಸ್ವಲ್ಪ ಹೆಚ್ಚುಕಡಿಮೆ. ಹತ್ತಿರದಲ್ಲಿ ಹಾಯುವ ಎರಡು ಸೊಂಟ, ಒಂದು ಬುಟ್ಟಿ ಮಾತ್ರ ಕೈಯಿಂದ ಅನಿಮೇಟ್ ಮಾಡಿದ್ದು. ಎರಡು ದಿನ ಸಾಕಾಯಿತು. ನನ್ನ ಕಣ್ಣಿಗೆ ಮೊದಲಿನದಕ್ಕಿಂತ ಇದೇ ಮೇಲು. ಹುಡುಗನ ಎತ್ತರದಿಂದ ನೋಡಿದರೆ ಸಂತೆ ಅಂದರೆ ಸೊಂಟಗಳೇ.

ಪವರ್‌ಪಾಯಿಂಟ್ ಥರ ಕಾಣುವುದು ಯಾವಾಗ ಅಂದರೆ, ನಿಂತ ಶಾಟ್‌ಗಳು ಸಾಲಾಗಿ ಬಂದಾಗ. ಮೂರಕ್ಕಿಂತ ಹೆಚ್ಚು ಒಟ್ಟಿಗೆ ಬಂದರೆ ನಡುವೆ ಒಂದು ಚಲಿಸುವ ಶಾಟ್ ಇಡಿ.

3ಡಿ ಮಾಡುವವರಿಗೆ ಇನ್ನೊಂದು ಮಾತು. ಕೈಯಲ್ಲಿ ಬಿಡಿಸಿದ 2ಡಿ ಚಿತ್ರವನ್ನು ಅರ್ಧ ಸೆಕೆಂಡು ಅಲುಗಾಡದೆ ನಿಲ್ಲಿಸಿದರೂ ಪಾತ್ರ ಬದುಕಿರುತ್ತದೆ. 3ಡಿ ಪಾತ್ರ ಪೂರ್ತಿ ನಿಂತ ಕೂಡಲೇ ಗೊಂಬೆಯಾಗಿಬಿಡುತ್ತದೆ. ಹಾಗಾಗಿ ಶಾಟ್ 35ರ ಮಾತುಕತೆಯಲ್ಲಿ ಅಜ್ಜಿಯ ಹೆಗಲ ಮೇಲಿನಿಂದ ಹುಡುಗನನ್ನು ತೋರಿಸಿ, ಅಜ್ಜಿಯ ತುಟಿ ಆಡಿಸುವ ಕೆಲಸ ತಪ್ಪಿಸಿಕೊಂಡೆವು. ಮೂರು ದಿನ ಒಂದೂವರೆಗೆ ಇಳಿಯಿತು. ಆದರೆ ಅಜ್ಜಿಯ ಹೆಗಲಿಗೆ ಉಸಿರಾಟ, ಹುಡುಗನಿಗೆ ಕಣ್ಣು ಮಿಟುಕಿಸುವುದು ಇಟ್ಟೆವು.

ಕೊನೆಗೆ ಲೆಕ್ಕ ಕೂಡಿತಾ?

ಕೂಡಿತು. ಸಂತೆ ಶಾಟ್‌ನಲ್ಲಿ 4, ನಡಿಗೆ ಬಿಟ್ಟದ್ದರಲ್ಲಿ ಎರಡೂವರೆ, ಗಡಿಗೆಯಲ್ಲಿ ಮೂರೂವರೆ, ಓಟದಲ್ಲಿ 2, ಮಾತುಕತೆಯಲ್ಲಿ ಒಂದೂವರೆ, ಬಸ್ಸಿನಲ್ಲಿ 1. ಒಟ್ಟು ಹದಿನಾಲ್ಕೂವರೆ. ನಲವತ್ತರಲ್ಲಿ ಕಳೆದರೆ ಇಪ್ಪತ್ತೈದೂವರೆ, ಕೈಯಲ್ಲಿದ್ದದ್ದು 28. ಎರಡೂವರೆ ದಿನ ಕೈಯಲ್ಲಿ ಉಳಿಯಿತು. ಅದರಲ್ಲಿ ಎರಡು ದಿನ ಒಬ್ಬರಿಗೆ ಜ್ವರ ಬಂದು ಹೋಯಿತು.

ಶಾಟ್ 38ನ್ನು ಮುಟ್ಟಲಿಲ್ಲ. ಅಜ್ಜಿ ಸೆರಗಿನ ಗಂಟು ಬಿಚ್ಚಿ ನಾಣ್ಯ ತೆಗೆಯುವ ಕ್ಲೋಸಪ್, ಮೂರೂವರೆ ದಿನ. ಬಟ್ಟೆ, ಬೆರಳು, ಎರಡೂ ಕಷ್ಟ. ಇದನ್ನು ಕಡಿಮೆ ಮಾಡಿದರೆ ಉಳಿದದ್ದೆಲ್ಲ ಯಾತಕ್ಕೆ ಉಳಿಸಿದೆವು ಅಂತ ನಮ್ಮ ನಾಲ್ವರಿಗೂ ಅನ್ನಿಸಿತು.

ರೆಂಡರ್ ಸಮಯ ಕಡಿಮೆ ಮಾಡೋದು ಹೇಗೆ?

ಕತ್ತರಿಸಿದ ಮೇಲೆ ಚಿತ್ರ ಸುಮಾರು 148 ಸೆಕೆಂಡಿಗೆ ಬಂತು. ಸೆಕೆಂಡಿಗೆ 24 ಫ್ರೇಮ್ ಅಂದರೆ 3552 ಫ್ರೇಮ್. ಒಂದಕ್ಕೆ 6 ನಿಮಿಷ, ಮೂರು ಕಂಪ್ಯೂಟರ್ ಹಗಲು ರಾತ್ರಿ ಓಡಿದರೂ ಐದು ದಿನ ಬೇಕು. ಒಂದು ಸಲ ಕರೆಂಟ್ ಹೋದರೆ ಮುಗಿಯಿತು ಕತೆ.

ಕ್ಯಾಮೆರಾ ನಿಂತ ಶಾಟ್‌ಗಳು ಇಲ್ಲಿ ಎರಡನೇ ಸಲ ಲಾಭ ಕೊಟ್ಟವು. ಹಿನ್ನೆಲೆಯನ್ನು ಒಂದೇ ಫ್ರೇಮ್ ರೆಂಡರ್ ಮಾಡಿ, ಪಾತ್ರವನ್ನು ಮಾತ್ರ ಪ್ರತಿ ಫ್ರೇಮ್ ಮಾಡಿದರೆ 6 ನಿಮಿಷ 2ಕ್ಕೆ ಇಳಿಯಿತು. ಬ್ಲೆಂಡರ್‌ನಲ್ಲಿ `Film` ಕೆಳಗಿನ `Transparent` ಹಾಕಿ, ನೆಲಕ್ಕೆ `Shadow Catcher` ಕೊಡಬೇಕು. ಇಲ್ಲದಿದ್ದರೆ ಪಾತ್ರದ ನೆರಳು ಬೀಳದೆ ಅದು ತೇಲಿದಂತೆ ಕಾಣುತ್ತದೆ. ಅರ್ಧದಷ್ಟು ಫ್ರೇಮ್ ಹೀಗೆ ಮಾಡಿದ್ದರಿಂದ ಐದು ದಿನ ಮೂರು ಚಿಲ್ಲರೆಗೆ ಬಂತು. ಕೊನೆಗೆ ಇಡೀ ಚಿತ್ರಕ್ಕೆ ತೆಳುವಾಗಿ ಗ್ರೇನ್ ಹಾಕಿ, ಹಿನ್ನೆಲೆ ಫೋಟೋದಂತೆ ಸತ್ತು ಕಾಣುವುದಿಲ್ಲ.

ಒಂದು ಫ್ರೇಮ್ ಬಿಟ್ಟು ಒಂದು ರೆಂಡರ್ ಮಾಡಿದರೆ?

ಕೆಲವು ಶಾಟ್‌ಗೆ ಆಗುತ್ತದೆ. ಒಂದೊಂದು ಫ್ರೇಮ್ ಎರಡು ಸಲ ಕಾಣುತ್ತದೆ, ರೆಂಡರ್ ಅರ್ಧಕ್ಕೆ ಇಳಿಯುತ್ತದೆ. ಬ್ಲೆಂಡರ್‌ನಲ್ಲಿ `Step` 2 ಮಾಡಿ, ಅಥವಾ ಕಮಾಂಡ್ ಲೈನ್‌ನಲ್ಲಿ:

```
blender -b sh026.blend -o //render/sh026_#### -s 1 -e 96 -j 2 -a
```

`-a` ಕೊನೆಯಲ್ಲೇ ಇರಬೇಕು, ಬ್ಲೆಂಡರ್ ಇವನ್ನು ಬರೆದ ಕ್ರಮದಲ್ಲೇ ನಡೆಸುತ್ತದೆ. ಫೈಲ್‌ಗಳ ನಂಬರ್ 0001, 0003, 0005 ಅಂತ ಬರುತ್ತದೆ. ನಡುವೆ ನಂಬರ್ ಇಲ್ಲದ್ದರಿಂದ ffmpeg ಎಂದಿನಂತೆ ಓದುವುದಿಲ್ಲ. ಲಿನಕ್ಸ್ ಅಥವಾ ಮ್ಯಾಕ್‌ನಲ್ಲಿ, `render` ಫೋಲ್ಡರ್ ಒಳಗೆ ಹೋಗಿ ಹೀಗೆ ಮಾಡಿ:

```
ffmpeg -framerate 12 -pattern_type glob -i 'sh026_*.png' -r 24 -c:v libx264 -pix_fmt yuv420p sh026.mp4
```

ಕ್ಯಾಮೆರಾ ಅಡ್ಡಡ್ಡ ಚಲಿಸುವ ಶಾಟ್‌ಗೆ ಇದು ಬೇಡ. ಹಿನ್ನೆಲೆ ಜರ್ಕ್ ಹೊಡೆದು ಕಣ್ಣು ನೋಯುತ್ತದೆ. ಕ್ಯಾಮೆರಾ ಮಾತ್ರ 24ರಲ್ಲಿ, ಪಾತ್ರ 12ರಲ್ಲಿ ಇಟ್ಟರೂ ಪಾತ್ರ ನೆಲದ ಮೇಲೆ ನಡುಗುತ್ತದೆ. ಓಟದ ಕ್ಲೋಸಪ್, ಕ್ಯಾಮೆರಾ ನಿಂತಿರುವಾಗ, ಪರವಾಗಿಲ್ಲ. ಇಡೀ ಚಿತ್ರದಲ್ಲಿ ಒಂದೇ ಶಾಟ್ ಹೀಗಿದ್ದರೆ ಎದ್ದು ಕಾಣುತ್ತದೆ, ಅದನ್ನೂ ನೋಡಿಕೊಳ್ಳಿ.

ಮಾಡಿಸಿದವರಿಗೆ ಹೇಗೆ ಹೇಳೋದು?

"ಕ್ವಾಲಿಟಿ ಕಡಿಮೆ ಆಗುತ್ತೆ" ಅಂತ ಶುರು ಮಾಡಬೇಡಿ. ಹೊಸ ಅನಿಮ್ಯಾಟಿಕ್ ಕೈಯಲ್ಲಿ ಹಿಡಿದೇ ಫೋನ್ ಮಾಡಿ. ನಾನು ಹೇಳಿದ್ದು ಇಷ್ಟು: "ಮೇಡಂ, ಹೊಸ ತಾರೀಕಿಗೆ ಕೊಡ್ತೀವಿ. ಎಂಟು ಕಡೆ ಬದಲಾಗಿದೆ, ಪಟ್ಟಿ ಕಳಿಸಿದ್ದೀನಿ. ಚಿತ್ರ 12 ಸೆಕೆಂಡು ಚಿಕ್ಕದಾಗಿದೆ. ನಾಳೆ ಸಂಜೆ ಒಳಗೆ ಒಪ್ಪಿಗೆ ಕೊಟ್ರೆ ಸಾಕು." ಅವರು ಕೇಳಿದ್ದು ಒಂದೇ, "ಬಸ್ಸು ಇಲ್ವಾ?" ಬಸ್ಸು ಬೇಕಿದ್ದರೆ ಸಂತೆ ಶಾಟ್ ಹೋಗುತ್ತೆ ಅಂದೆ. ಸುಮ್ಮನಾದರು.

ಕನಿಷ್ಠ ಇಷ್ಟು ಉದ್ದ ಇರಬೇಕು ಅಂತ ಒಪ್ಪಂದದಲ್ಲಿ ಬರೆದಿದ್ದರೆ ಅದನ್ನು ಫೋನಿಗೆ ಮೊದಲೇ ನೋಡಿಕೊಳ್ಳಿ. ಸಂಗೀತದವರಿಗೂ ಅದೇ ದಿನ ತಿಳಿಸಿ. ಚಿತ್ರಕ್ಕೆ ತಾಳ ಹೊಂದಿಸಿ ಮಾಡಿದ ಸಂಗೀತದ ನಡುವಿನಿಂದ ಏಳು ಸೆಕೆಂಡು ತೆಗೆದರೆ ಆಮೇಲೆ ಬರುವ ಪ್ರತಿ ಪೆಟ್ಟೂ ತಪ್ಪುತ್ತದೆ.

ಸರಳ ಮಾಡಿದ ಶಾಟ್ ಮತ್ತೆ ದೊಡ್ಡದಾಗುತ್ತಾ ಹೋಗುತ್ತೆ, ಏನು ಮಾಡಲಿ?

ಆಗುತ್ತದೆ. "ಈ ಬುಟ್ಟಿಯವಳ ಕೈ ಸ್ವಲ್ಪ ಆಡಿಸ್ತೀನಿ ಗುರು, ಹತ್ತೇ ನಿಮಿಷ" ಅಂತ ಶುರುವಾಗಿ ಸಂಜೆಯಾಗುತ್ತದೆ. ಶೀಟ್‌ನಲ್ಲಿ ಶಾಟ್ ಎದುರಿಗೆ ಏನು ಮಾಡಬೇಕು ಅನ್ನುವುದರ ಜೊತೆ ಏನು ಮಾಡಬಾರದು ಅಂತಲೂ ಬರೆಯಿರಿ. 17ರ ಎದುರಿಗೆ ನಾನು "ಹಿಂದಿನವರ ಮುಖ ಮುಟ್ಟಬೇಡಿ" ಅಂತ ಬರೆದಿದ್ದೆ. ಎಲ್ಲ ಶಾಟ್ ಒಮ್ಮೆ ಮುಗಿದ ಮೇಲೆ ದಿನ ಉಳಿದಿದ್ದರೆ ಆಗ ಬುಟ್ಟಿಯವಳ ಕೈ.

ಬಿಟ್ಟ ಶಾಟ್‌ಗಳ ಫೈಲ್ ಅಳಿಸಬೇಕಾ? ನಂಬರ್ ಮತ್ತೆ ಹಾಕಬೇಕಾ?

ಎರಡೂ ಬೇಡ. ಫೈಲ್‌ಗಳನ್ನು ಬೇರೆ ಫೋಲ್ಡರ್‌ಗೆ ಎತ್ತಿಡಿ, ಶಾಟ್ 11ರ ನಡಿಗೆ ನಮಗೆ ಟೈಟಲ್ ಹಿಂದೆ ಹಾಕಲು ಆಯಿತು. ಅದರಿಂದ ಅನಿಮೇಟರ್ ಜೊತೆ ಮಾತೂ ಶುರುವಾಯಿತು. ನಂಬರ್ ಮಾತ್ರ ಯಾವ ಕಾರಣಕ್ಕೂ ಬದಲಿಸಬೇಡಿ. 9 ಆದ ಮೇಲೆ 12 ಬರಲಿ. ಇಲ್ಲದಿದ್ದರೆ ಹಳೆ ಶೀಟ್ ನೋಡುವವರು ಒಂದು ಶಾಟ್ ಅಂತ ಇನ್ನೊಂದನ್ನು ತಿದ್ದುತ್ತಾರೆ. ಸೌಂಡ್‌ನವರು ಫೋನ್ ಮಾಡಿ 10 ಮತ್ತು 11 ಕಳಿಸಿಲ್ಲ ಅಂತ ಬೈಯುತ್ತಾರೆ, ಬೈಸಿಕೊಳ್ಳಿ.